ಉತ್ಪನ್ನ ನಿಲ್ಲಿಸಿದ ಮೇಲಿನ ಲಿಂಕ್ಡ್‌ಇನ್ ಪೋಸ್ಟ್: ಒಂದು ಪ್ರಕರಣ ಅಧ್ಯಯನ

ಹಲ್ಲಿನ ಕ್ಲಿನಿಕ್‌ಗಳಿಗಾಗಿ ಮಾಡಿದ ಒಂದು ಸಾಫ್ಟ್‌ವೇರ್. ರೋಗಿಗೆ ಅಪಾಯಿಂಟ್‌ಮೆಂಟಿನ ಹಿಂದಿನ ದಿನ ಮೊಬೈಲ್‌ಗೆ ಮೆಸೇಜ್ ಕಳಿಸಿ ನೆನಪಿಸುವುದು ಅದರ ಕೆಲಸ. ತಿಂಗಳ ಚಂದಾ. 26 ತಿಂಗಳು ನಡೆಸಿದ ಮೇಲೆ ಕಂಪನಿ ಅದನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಕಂಪನಿ ಮುಚ್ಚಲಿಲ್ಲ, ಕ್ಲಿನಿಕ್‌ಗಳ ಬಿಲ್ಲಿಂಗ್‌ಗೆ ಬಳಸುವ ಅದರ ಹಳೆಯ ಸಾಫ್ಟ್‌ವೇರ್ ಮುಂದುವರಿದಿದೆ. ಫೌಂಡರ್ ಇದರಿಂದ ಕಲಿತದ್ದನ್ನು ಲಿಂಕ್ಡ್‌ಇನ್‌ನಲ್ಲಿ ಬರೆಯಲು ಕೂತರು. ಮೊದಲ ಕರಡು ಯಾಕೆ ಕೆಲಸಕ್ಕೆ ಬರಲಿಲ್ಲ, ಕೊನೆಯ ಪೋಸ್ಟ್ ಹೇಗೆ ರೂಪುಗೊಂಡಿತು ಎಂಬುದೇ ಈ ಪ್ರಕರಣ.

ಇದು ಯಾವುದೋ ಒಂದು ಕಂಪನಿಯ ಕಥೆಯಲ್ಲ. ಚಂದಾ ಮೇಲೆ ನಡೆಯುವ ಉತ್ಪನ್ನಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಅಂಕಿಗಳೂ ಮಾದರಿಯವೇ, ಆದರೆ ಒಂದಕ್ಕೊಂದು ತಾಳೆಯಾಗುತ್ತವೆ. ಪೆನ್ನು ಹಿಡಿದು ಜೊತೆಯಲ್ಲೇ ಲೆಕ್ಕ ಹಾಕಿಕೊಂಡು ಓದಬಹುದು.

ಮೊದಲ ಕರಡು

"400ಕ್ಕೂ ಹೆಚ್ಚು ಕ್ಲಿನಿಕ್‌ಗಳ ವಿಶ್ವಾಸ ಗಳಿಸಿದ ನಮ್ಮ ಪಯಣ ಇಂದು ಒಂದು ತಿರುವಿಗೆ ಬಂದಿದೆ" ಎಂದು ಕರಡು ಶುರುವಾಗಿತ್ತು. ಮುಂದೆ ಮೂರು ಪಾಠಗಳು: ಗ್ರಾಹಕರ ಮಾತಿಗೆ ಇನ್ನಷ್ಟು ಕಿವಿಗೊಡಬೇಕಿತ್ತು, ಮಾರುಕಟ್ಟೆ ಇನ್ನೂ ಸಿದ್ಧವಾಗಿರಲಿಲ್ಲ, ಮೆಸೇಜ್ ದರ ಏರಿದ್ದು ನಮ್ಮ ಕೈ ಮೀರಿದ ವಿಷಯ. ಕೊನೆಯಲ್ಲಿ ತಂಡಕ್ಕೆ, ಹೂಡಿಕೆದಾರರಿಗೆ, ಕುಟುಂಬಕ್ಕೆ ಧನ್ಯವಾದ.

ಇದರಲ್ಲಿ ಸುಳ್ಳೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಸಾಲೂ ಇಲ್ಲ. ಆದರೂ ಇದು ಪ್ರಾಮಾಣಿಕ ಪೋಸ್ಟ್ ಅಲ್ಲ. ಪರೀಕ್ಷೆ ಸುಲಭ: ಉತ್ಪನ್ನದ ಹೆಸರು ತೆಗೆದು ಬೇರೆ ಯಾವುದಾದರೂ ಕಂಪನಿಯ ಹೆಸರು ಹಾಕಿ ನೋಡಿ. ಮೂರೂ ಪಾಠಗಳು ಹಾಗೇ ಕೂರುತ್ತವೆ. ಎಲ್ಲರಿಗೂ ಒಪ್ಪುವ ಪಾಠದಿಂದ ಯಾರಿಗೂ ಉಪಯೋಗವಿಲ್ಲ, ಏಕೆಂದರೆ ಅದನ್ನು ಓದಿದವರು ತಮ್ಮ ಕಂಪನಿಯಲ್ಲಿ ಸೋಮವಾರ ಏನನ್ನು ತೆಗೆದು ನೋಡಬೇಕು ಎಂಬುದು ಅದರಲ್ಲಿರುವುದಿಲ್ಲ.

ಓದುಗ ತನ್ನಲ್ಲಿ ಪರಿಶೀಲಿಸಿಕೊಳ್ಳಬಹುದಾದ ಪಾಠಕ್ಕೆ ನಾಲ್ಕು ಸಂಗತಿ ಬೇಕು. ಯಾವ ತೀರ್ಮಾನ ತೆಗೆದುಕೊಂಡಿರಿ, ಯಾವ ತಿಂಗಳಲ್ಲಿ, ಆಗ ಯಾವ ಅಂಕಿ ನೋಡಿ ತೆಗೆದುಕೊಂಡಿರಿ, ಆ ಅಂಕಿ ಏನನ್ನು ಮುಚ್ಚಿಟ್ಟಿತ್ತು. ಇವು ನಾಲ್ಕೂ ಸಿಕ್ಕುವವರೆಗೆ ಪೋಸ್ಟ್ ಬರೆಯುವ ಕೆಲಸ ಶುರುವಾಗಿಲ್ಲ ಎಂದೇ ತಿಳಿಯಬೇಕು. ಅದಕ್ಕೆ ಮೊದಲು ಹಳೆಯ ಲೆಕ್ಕ ತೆರೆಯಬೇಕು. ಈ ಪ್ರಕರಣದಲ್ಲೂ ಫೌಂಡರ್ ಕರಡನ್ನು ಬದಿಗಿಟ್ಟು, ಪ್ರತಿ ತಿಂಗಳ ಗ್ರಾಹಕರ ಪಟ್ಟಿಯನ್ನು ಬಿಲ್ಲಿಂಗ್ ದಾಖಲೆಯಿಂದ ಹೊಸದಾಗಿ ತೆಗೆಸಿದರು. ತಿಂಗಳ ಸಭೆಗೆಂದು ಮಾಡಿದ ಸ್ಲೈಡ್‌ಗಳನ್ನು ನಂಬಲಿಲ್ಲ. ಸ್ಲೈಡ್‌ನಲ್ಲಿ ಇರುವುದು ಆಗ ತೋರಿಸಬೇಕೆನಿಸಿದ ಅಂಕಿ. ಹಣ ಬಂದದ್ದು, ನಿಂತದ್ದು ಬಿಲ್ಲಿಂಗ್ ದಾಖಲೆಯಲ್ಲಷ್ಟೇ ಇರುತ್ತದೆ.

400 ಎಂಬ ಅಂಕಿ ಎಲ್ಲಿಂದ ಬಂತು

ಪಟ್ಟಿ ಬಂದ ಕೂಡಲೇ ಮೊದಲ ಸಾಲು ಬಿದ್ದುಹೋಯಿತು. ಉಚಿತ ಟ್ರಯಲ್‌ಗೆ ಹೆಸರು ಹಾಕಿದ ಕ್ಲಿನಿಕ್‌ಗಳು 410. ಅವುಗಳಲ್ಲಿ ಒಮ್ಮೆಯಾದರೂ ಹಣ ಕೊಟ್ಟವು 148. ನಿಲ್ಲಿಸುವ ತೀರ್ಮಾನವಾದ ದಿನ ಹಣ ಕೊಡುತ್ತಿದ್ದವು 61. ಈ ಮೂರನ್ನು ಒಟ್ಟಿಗೆ ಕೊಟ್ಟರೆ ಓದುಗನಿಗೆ ಚಿತ್ರ ಸಿಗುತ್ತದೆ. ಮೊದಲನೆಯದನ್ನು ಮಾತ್ರ ಕೊಟ್ಟರೆ ಚೆನ್ನಾಗಿ ನಡೆಯುತ್ತಿದ್ದದ್ದು ಏಕೋ ನಿಂತಿತು ಎಂಬ ಭಾವನೆ ಬರುತ್ತದೆ.

ಇಂಥ ಪೋಸ್ಟ್‌ಗಳಲ್ಲಿ ಅತಿ ಹೆಚ್ಚು ದಾರಿ ತಪ್ಪಿಸುವುದು ಹೀಗೆ ಎಂದೂ ಕಡಿಮೆಯಾಗದ ಅಂಕಿಗಳೇ. ಒಟ್ಟು ನೋಂದಣಿ, ಒಟ್ಟು ಡೌನ್‌ಲೋಡ್, ಇದುವರೆಗೆ ಕಳಿಸಿದ ಮೆಸೇಜ್ ಇವೆಲ್ಲ ಉತ್ಪನ್ನ ಸಾಯುತ್ತಿರುವಾಗಲೂ ಏರುತ್ತಲೇ ಇರುತ್ತವೆ. ಆ ಜಾಗದಲ್ಲಿ ಇಳಿಯಬಲ್ಲ ಅಂಕಿ ಬೇಕು: ಈ ತಿಂಗಳು ಹಣ ಕೊಟ್ಟವರು ಎಷ್ಟು, ಹೋದ ತಿಂಗಳಿದ್ದು ಈ ತಿಂಗಳು ಬಿಟ್ಟವರು ಎಷ್ಟು. ಉತ್ತುಂಗದ ಅಂಕಿ ಕೊಡುವುದಾದರೆ ಅದು ಉತ್ತುಂಗದ್ದೆಂದು ಹೇಳಲೇಬೇಕು. 2024ರ ಜುಲೈನಲ್ಲಿ ಕೂ ಆ್ಯಪ್ ನಿಲ್ಲಿಸುವುದನ್ನು ಅದರ ಸ್ಥಾಪಕರು ಲಿಂಕ್ಡ್‌ಇನ್‌ನಲ್ಲೇ ತಿಳಿಸಿದಾಗ, ಪ್ರತಿದಿನ ಬಳಸುವವರು ಸುಮಾರು 21 ಲಕ್ಷ ಎಂಬುದನ್ನು ಉತ್ತುಂಗದ ಅಂಕಿ ಎಂದು ಸ್ಪಷ್ಟವಾಗಿಯೇ ಬರೆದಿದ್ದರು. ಅಷ್ಟು ಸಣ್ಣ ಗುರುತಿನಿಂದಲೂ ಓದುವವರು ಆ ಅಂಕಿಯನ್ನು ಸರಿಯಾದ ಜಾಗದಲ್ಲಿ ಇಡಲು ಸಾಧ್ಯವಾಗುತ್ತದೆ.

ಎಷ್ಟು ಅಂಕಿ ಹೊರಹಾಕಬೇಕು ಎಂಬುದು ಫೌಂಡರ್ ತೀರ್ಮಾನಿಸಬೇಕಾದದ್ದು. 2013ರಲ್ಲಿ ನಿಂತ ಎವರ್‌ಪಿಕ್ಸ್ ಎಂಬ ಫೋಟೊ ಸಂಗ್ರಹ ಸೇವೆ ತನ್ನ ಬಳಕೆ ಮತ್ತು ಹಣಕಾಸಿನ ಮಾಹಿತಿಯನ್ನೇ ಗಿಟ್‌ಹಬ್‌ನಲ್ಲಿ ಇಟ್ಟಿತು. ಬದುಕಿರುವ ಇನ್ನೊಂದು ಉತ್ಪನ್ನವುಳ್ಳ ಕಂಪನಿಗೆ ಅಷ್ಟು ತೆರೆಯುವುದು ಕಷ್ಟ, ತೆರೆಯಬೇಕಾಗಿಯೂ ಇಲ್ಲ. ಪಾಠವನ್ನು ಎತ್ತಿ ಹಿಡಿಯಲು ಬೇಕಾದಷ್ಟು ಅಂಕಿ ಇದ್ದರೆ ಸಾಕು.

ನಿಜವಾದ ತಪ್ಪು ಎಲ್ಲಿತ್ತು

ತಿಂಗಳ ಪಟ್ಟಿಯನ್ನು ಗುಂಪು ಗುಂಪಾಗಿ ನೋಡಿದಾಗ ವಿಷಯ ಬೇಗನೆ ಕಂಡಿತು. ಮೂರನೇ ತಿಂಗಳಲ್ಲಿ ಹಣ ಕೊಡಲು ಶುರು ಮಾಡಿದ ಮೊದಲ ಕ್ಲಿನಿಕ್‌ಗಳು 20. ಒಂಬತ್ತನೇ ತಿಂಗಳಿಗೆ ಉಳಿದವು 13. ಆರು ತಿಂಗಳಲ್ಲಿ 7 ಹೋದವು ಎಂದರೆ ಪ್ರತಿ ತಿಂಗಳೂ ಆಗ ಉಳಿದಿರುವವರಲ್ಲಿ ಸುಮಾರು 7 ಪ್ರತಿಶತ ಗ್ರಾಹಕರು ಬಿಡುತ್ತಿದ್ದಾರೆ ಎಂದರ್ಥ. ಆ ವೇಗದಲ್ಲಿ ಒಬ್ಬ ಗ್ರಾಹಕ ಸರಾಸರಿ ಎಷ್ಟು ಕಾಲ ಇರುತ್ತಾನೆ ಎಂಬುದಕ್ಕೆ ಒಂದನ್ನು 0.07ರಿಂದ ಭಾಗಿಸಿದರೆ ಆಯಿತು: ಸುಮಾರು 14 ತಿಂಗಳು.

ಈಗ ಹಣದ ಕಡೆ. ತಿಂಗಳ ಚಂದಾ 100 ಎಂದಿಟ್ಟುಕೊಂಡರೆ ಕೊನೆಯ ತಿಂಗಳುಗಳಲ್ಲಿ ಅದರಲ್ಲಿ ಮೆಸೇಜ್ ಕಳಿಸುವ ಕಂಪನಿಗೆ 30 ಹೋಗುತ್ತಿತ್ತು, ಕೈಯಲ್ಲಿ ಉಳಿಯುತ್ತಿದ್ದದ್ದು 70. ಒಂದು ಕ್ಲಿನಿಕ್ ಅನ್ನು ಗ್ರಾಹಕನನ್ನಾಗಿ ಮಾಡಲು ತಗಲುತ್ತಿದ್ದ ಖರ್ಚು, ಅಂದರೆ ಸೇಲ್ಸ್‌ನವರ ಸಂಬಳ, ಜಾಹೀರಾತು, ಟ್ರಯಲ್ ಸಮಯದ ಸಹಾಯ ಎಲ್ಲ ಸೇರಿ, 1,120. ಅದನ್ನು ತಿಂಗಳಿಗೆ 70ರಂತೆ ವಾಪಸ್ ಪಡೆಯಲು 16 ತಿಂಗಳು ಬೇಕು. ಗ್ರಾಹಕ ಇರುವುದು 14 ತಿಂಗಳು. 14 ತಿಂಗಳಿಗೆ ಬರುವುದು 980. ಪ್ರತಿ ಹೊಸ ಗ್ರಾಹಕನಿಗೂ 140 ನಷ್ಟ. ಇಂಥ ಉತ್ಪನ್ನವನ್ನು ಹೆಚ್ಚು ಮಾರಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತೇವೆ.

ಗ್ರಾಹಕರು ಬಿಡುವ ವೇಗ ಒಂಬತ್ತನೇ ತಿಂಗಳಿಗೇ ದಾಖಲೆಯಲ್ಲಿತ್ತು. ಹಾಗಾದರೆ ಅದು ಕಣ್ಣಿಗೆ ಬೀಳಲಿಲ್ಲವೇಕೆ? ಪೋಸ್ಟಿನ ತಿರುಳು ಇರುವುದು ಈ ಪ್ರಶ್ನೆಯಲ್ಲಿ. 11ನೇ ತಿಂಗಳಲ್ಲಿ ಕಂಪನಿ ವಾರ್ಷಿಕ ಪ್ಲಾನ್ ತಂದಿತು: ಒಂದು ವರ್ಷದ ಹಣವನ್ನು ಮುಂಗಡ ಕೊಟ್ಟರೆ ರಿಯಾಯಿತಿ. 15ನೇ ತಿಂಗಳ ಹೊತ್ತಿಗೆ ಗ್ರಾಹಕರು 90 ಆಗಿದ್ದರು, ತಿಂಗಳ ಪ್ಲಾನಿನವರು 40, ವಾರ್ಷಿಕ ಪ್ಲಾನಿನವರು 50. ಆ ತಿಂಗಳು ಬಿಟ್ಟುಹೋದವರು 3. ವರದಿಯಲ್ಲಿ 3ನ್ನು 90ರಿಂದ ಭಾಗಿಸಿ 3.3 ಪ್ರತಿಶತ ಎಂದು ಬರೆದರು. ಗ್ರಾಹಕರು ಬಿಡುವುದು ಅರ್ಧಕ್ಕಿಂತ ಕಡಿಮೆಯಾಯಿತು ಎಂದು ಸಭೆಯಲ್ಲಿ ಎಲ್ಲರಿಗೂ ಸಂತೋಷ.

ಆದರೆ ವಾರ್ಷಿಕ ಪ್ಲಾನಿನ 50 ಕ್ಲಿನಿಕ್‌ಗಳಿಗೆ ಆ ತಿಂಗಳು ಬಿಡುವ ಅವಕಾಶವೇ ಇರಲಿಲ್ಲ. ಅವರ ಹಣ ಆಗಲೇ ಬಂದಾಗಿತ್ತು. ಬಿಡಬಹುದಾಗಿದ್ದವರು 40 ಮಾತ್ರ. 3ನ್ನು 40ರಿಂದ ಭಾಗಿಸಿದರೆ 7.5 ಪ್ರತಿಶತ. ಒಂಬತ್ತನೇ ತಿಂಗಳಲ್ಲಿ ಇದ್ದ ಪರಿಸ್ಥಿತಿಯೇ ಇತ್ತು, ಒಂದಿಷ್ಟೂ ಸುಧಾರಿಸಿರಲಿಲ್ಲ. ವಾರ್ಷಿಕ ಪ್ಲಾನ್ ಗ್ರಾಹಕರನ್ನು ಹಿಡಿದಿಡಲಿಲ್ಲ, ಅವರು ಹೊರಡುವ ದಿನವನ್ನು ಮುಂದಕ್ಕೆ ಹಾಕಿತು. 23ರಿಂದ 25ನೇ ತಿಂಗಳ ನಡುವೆ ಆ 50 ಕ್ಲಿನಿಕ್‌ಗಳ ನವೀಕರಣ ಬಂದಾಗ ನವೀಕರಿಸಿದವು 22. ತಿಂಗಳಿಗೆ 7 ಪ್ರತಿಶತದಂತೆ 12 ತಿಂಗಳು ಕಳೆದರೆ 100ರಲ್ಲಿ ಸುಮಾರು 42 ಉಳಿಯುತ್ತವೆ. ಇಲ್ಲಿ ಉಳಿದದ್ದು 44 ಪ್ರತಿಶತ. ಒಂದು ವರ್ಷ ಕಾಣದೆ ಉಳಿದದ್ದು ಮೂರು ತಿಂಗಳಲ್ಲಿ ಒಟ್ಟಿಗೆ ಕಂಡಿತು. (ವಾರ್ಷಿಕ ರಿಯಾಯಿತಿಯನ್ನು ಮೇಲಿನ ಲೆಕ್ಕದಲ್ಲಿ ಬಿಟ್ಟಿದೆ. ಸೇರಿಸಿದರೆ ನಷ್ಟ ಇನ್ನಷ್ಟು ಹೆಚ್ಚುತ್ತದೆ.)

ಈ ತಪ್ಪಿಗೆ ಬೆಲೆ ತೆತ್ತದ್ದು 15ನೇ ತಿಂಗಳಲ್ಲಿ. 3.3 ಪ್ರತಿಶತವನ್ನು ನಂಬಿದರೆ ಗ್ರಾಹಕ ಸರಾಸರಿ 30 ತಿಂಗಳು ಇರುತ್ತಾನೆ, ಮೆಸೇಜ್ ಖರ್ಚು ಆಗಿನ್ನೂ 24 ಇದ್ದದ್ದರಿಂದ ಸುಮಾರು 15 ತಿಂಗಳಲ್ಲಿ ಖರ್ಚು ವಾಪಸ್ ಬರುತ್ತದೆ, ಉಳಿದದ್ದೆಲ್ಲ ಲಾಭ. ಆ ಲೆಕ್ಕದ ಮೇಲೆ ಫೌಂಡರ್ ಇಬ್ಬರು ಸೇಲ್ಸ್ ಉದ್ಯೋಗಿಗಳನ್ನು ನೇಮಿಸಿದರು. ಪ್ರತಿ ಮಾರಾಟದಲ್ಲೂ ಹಣ ಕಳೆದುಕೊಳ್ಳುವ ವಸ್ತುವನ್ನು ಇನ್ನೂ ವೇಗವಾಗಿ ಮಾರಲು ಜನ ಸೇರಿಸಿದಂತಾಯಿತು. "ಗ್ರಾಹಕರ ಮಾತಿಗೆ ಕಿವಿಗೊಡಬೇಕಿತ್ತು" ಎಂಬ ಸಾಲಿನ ಜಾಗಕ್ಕೆ ಬರಬೇಕಾದ ಪಾಠ ಇದು, ಮತ್ತು ಇದನ್ನು ಓದಿದ ಇನ್ನೊಬ್ಬ ಫೌಂಡರ್ ತನ್ನ ವರದಿಯಲ್ಲಿ ಭಾಜಕ ಯಾವುದೆಂದು ಅಂದೇ ನೋಡಿಕೊಳ್ಳಬಹುದು.

ಕ್ಲಿನಿಕ್‌ಗಳು ಬಿಟ್ಟದ್ದು ಏಕೆ

ಎಷ್ಟು ಜನ ಬಿಟ್ಟರು ಎಂಬುದರ ಹಿಂದೆ ಏಕೆ ಬಿಟ್ಟರು ಎಂಬುದಿದೆ. ಇದನ್ನು ಬರೆಯುವಾಗ ಹೆಚ್ಚು ಎಚ್ಚರ ಬೇಕು. ಬಿಡುವಾಗ ತುಂಬಿಸಿಕೊಳ್ಳುವ ಫಾರ್ಮ್‌ನಲ್ಲಿ ಹೆಚ್ಚಿನವರು "ಬೆಲೆ ಜಾಸ್ತಿ" ಎಂದೇ ಗುರುತು ಹಾಕಿರುತ್ತಾರೆ, ಏಕೆಂದರೆ ಅದು ಒಂದು ಕ್ಲಿಕ್ಕಿನ ಉತ್ತರ. ಬಳಕೆಯ ದಾಖಲೆ ಬೇರೆಯದನ್ನೇ ಹೇಳಿತು. ಕ್ಲಿನಿಕ್‌ಗಳು ಚಂದಾ ನಿಲ್ಲಿಸುವ ಮೊದಲೇ ಅಪಾಯಿಂಟ್‌ಮೆಂಟ್ ನಮೂದಿಸುವುದನ್ನು ನಿಲ್ಲಿಸಿದ್ದವು. ರಿಸೆಪ್ಷನ್‌ನಲ್ಲಿ ಕೂತವರು ಪ್ರತಿ ಅಪಾಯಿಂಟ್‌ಮೆಂಟನ್ನೂ ಎರಡು ಸಲ ಬರೆಯಬೇಕಿತ್ತು: ಒಮ್ಮೆ ಕ್ಲಿನಿಕ್‌ನ ಪುಸ್ತಕದಲ್ಲೋ ಬೇರೆ ಸಾಫ್ಟ್‌ವೇರ್‌ನಲ್ಲೋ, ಇನ್ನೊಮ್ಮೆ ಇದರಲ್ಲಿ. ಕಲಿತಿದ್ದ ರಿಸೆಪ್ಷನಿಸ್ಟ್ ಕೆಲಸ ಬಿಟ್ಟು ಹೊಸಬರು ಬಂದಾಗ ಎರಡನೇ ಬರವಣಿಗೆ ನಿಂತುಹೋಗುತ್ತಿತ್ತು. ವೈದ್ಯರಿಗೆ ಗೊತ್ತಾಗುತ್ತಿದ್ದದ್ದು ಬಿಲ್ ಬಂದಾಗ.

ಇದನ್ನು ತಾಳೆ ನೋಡುವ ದಾರಿಯೂ ಇತ್ತು. 148 ಕ್ಲಿನಿಕ್‌ಗಳಲ್ಲಿ 52 ಕ್ಲಿನಿಕ್‌ಗಳು ಕಂಪನಿಯ ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರನ್ನೂ ಬಳಸುತ್ತಿದ್ದವು, ಅವುಗಳ ಅಪಾಯಿಂಟ್‌ಮೆಂಟ್ ಅಲ್ಲಿಂದ ತಾನಾಗಿ ಬರುತ್ತಿತ್ತು. ಆ 52ರಲ್ಲಿ ಕೊನೆಗೂ ಉಳಿದವು 44. ಎರಡು ಸಲ ಬರೆಯಬೇಕಿದ್ದ 96ರಲ್ಲಿ ಉಳಿದವು 17. ಎರಡೂ ಸೇರಿ 61. 7 ಪ್ರತಿಶತ ಎಂಬ ಸರಾಸರಿಯೊಳಗೆ ಇಂಥ ಎರಡು ಬೇರೆ ಬೇರೆ ಲೋಕಗಳಿದ್ದವು. ಒಂದರಲ್ಲಿ ಉತ್ಪನ್ನ ಚೆನ್ನಾಗಿಯೇ ನಡೆಯುತ್ತಿತ್ತು, ಇನ್ನೊಂದರಲ್ಲಿ ಶುರುವಿನಿಂದಲೂ ನಡೆದಿರಲಿಲ್ಲ. ಹೊಸ ಸೇಲ್ಸ್‌ನವರು ಮಾರಿದ್ದು ಹೆಚ್ಚಾಗಿ ಎರಡನೆಯ ಗುಂಪಿಗೆ.

ಇಲ್ಲಿ ಪ್ರಾಮಾಣಿಕತೆ ಇನ್ನೊಂದು ಮಿತಿಯನ್ನೂ ಒಪ್ಪಬೇಕಾಗುತ್ತದೆ. 52ರಲ್ಲಿ 44 ಕ್ಲಿನಿಕ್‌ಗಳು ಉಳಿದದ್ದು ಒಂದೇ ಸಲ ಬರೆದರೆ ಸಾಕಾಗುತ್ತಿದ್ದುದರಿಂದಲೋ, ಅಥವಾ ಅವರು ಮೊದಲೇ ಕಂಪನಿಯ ಹಳೆಯ ಗ್ರಾಹಕರಾಗಿದ್ದರಿಂದಲೋ? ಈ ಅಂಕಿಗಳಿಂದ ಬೇರ್ಪಡಿಸಲು ಬರುವುದಿಲ್ಲ. ಅಪಾಯಿಂಟ್‌ಮೆಂಟ್ ನಮೂದಾಗುವುದು ಮೊದಲು ನಿಂತು ಆಮೇಲೆ ಚಂದಾ ನಿಂತಿತು ಎಂಬುದು ಮೊದಲ ಕಾರಣದತ್ತ ಬೊಟ್ಟು ಮಾಡುತ್ತದೆ, ಅಷ್ಟೇ. "ಇದೇ ಕಾರಣ" ಎನ್ನುವ ಕಡೆ "ಇದು ಮುಖ್ಯ ಕಾರಣವೆಂದು ನನಗೆ ಅನಿಸುತ್ತದೆ, ಯಾಕೆಂದರೆ" ಎಂದು ಬರೆದರೆ ಪೋಸ್ಟ್ ಬಲಹೀನವಾಗುವುದಿಲ್ಲ. ಅಂಕಿ ಓದಬಲ್ಲವರು ಆ ಸಾಲನ್ನು ನೋಡಿಯೇ ಉಳಿದದ್ದನ್ನು ನಂಬುತ್ತಾರೆ.

ಹೊರಗಿನ ಕಾರಣಕ್ಕೆ ಎಷ್ಟು ಪಾಲು

ಮೆಸೇಜ್ ದರ ಏರಿದ್ದು ನಿಜ. 18ನೇ ತಿಂಗಳಲ್ಲಿ ಒಂದು ಚಂದಾಕ್ಕೆ ತಗಲುವ ಮೆಸೇಜ್ ಖರ್ಚು 24ರಿಂದ 30ಕ್ಕೆ ಹೋಯಿತು. ಇದನ್ನು ಪೋಸ್ಟಿನಿಂದ ಪೂರ್ತಿ ತೆಗೆದರೂ ತಪ್ಪು, ಮುಖ್ಯ ಕಾರಣವೆಂದರೂ ತಪ್ಪು. ದರ ಏರದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿದರೆ ಉತ್ತರ ಸಿಗುತ್ತದೆ. ಆಗ ತಿಂಗಳಿಗೆ ಉಳಿಯುತ್ತಿದ್ದದ್ದು 76, 14 ತಿಂಗಳಿಗೆ 1,064. ಖರ್ಚು 1,120. ಆಗಲೂ 56 ನಷ್ಟ. ಅಂದರೆ 140ರ ನಷ್ಟದಲ್ಲಿ 84 ದರ ಏರಿದ್ದರಿಂದ, 56 ಮೊದಲೇ ಇದ್ದದ್ದು. ದರ ಏರಿಕೆ ನಷ್ಟವನ್ನು ದೊಡ್ಡದು ಮಾಡಿತು, ಹುಟ್ಟಿಸಲಿಲ್ಲ.

2020ರ ಅಕ್ಟೋಬರ್‌ನಲ್ಲಿ ಕ್ವಿಬಿ ಎಂಬ ವಿಡಿಯೊ ಸೇವೆ ಶುರುವಾದ ಅರ್ಧ ವರ್ಷಕ್ಕೇ ಮುಚ್ಚುವುದಾಗಿ ಪ್ರಕಟಿಸಿದಾಗ ಅದರ ಮುಖ್ಯಸ್ಥರು ಬರೆದ ಬಹಿರಂಗ ಪತ್ರ ಈ ವಿಷಯದಲ್ಲಿ ನೋಡತಕ್ಕದ್ದು. ಸಾಂಕ್ರಾಮಿಕದ ನಡುವೆ ಶುರುವಾದದ್ದು ಒಂದು ನೆವವಾಗಿ ಸುಲಭವಾಗಿ ಸಿಗುತ್ತಿತ್ತು. ಅವರು ಅದನ್ನು ಹೇಳಿದರು, ಆದರೆ ಅದೇ ಪರಿಸ್ಥಿತಿಯಲ್ಲಿ ಬೇರೆ ಕಂಪನಿಗಳು ದಾರಿ ಕಂಡುಕೊಂಡವು, ನಮಗೆ ಆಗಲಿಲ್ಲ ಎಂಬುದನ್ನೂ ಸೇರಿಸಿದರು. ಕಲ್ಪನೆಯೇ ಸಾಕಷ್ಟು ಗಟ್ಟಿಯಾಗಿರದೆ ಇದ್ದಿರಬಹುದೆಂದೂ ಬರೆದರು. ಹೊರಗಿನ ಕಾರಣವನ್ನು ಬರೆಯುವ ಸರಿಯಾದ ರೀತಿ ಅದು. ಅಂಕಿ ಇದ್ದರೆ ಅದರ ಪಾಲನ್ನು ಅಂಕಿಯಲ್ಲೇ ಹೇಳಬಹುದು.

ಪ್ರಕಟಿಸುವ ಮೊದಲು

ಪೋಸ್ಟ್ ಓದಿ ಯಾರಿಗೂ ತಮ್ಮದೇ ಸುದ್ದಿ ಮೊದಲ ಸಲ ಗೊತ್ತಾಗಬಾರದು. ಈ ಪ್ರಕರಣದಲ್ಲಿ ಹೂಡಿಕೆದಾರರ ಒಪ್ಪಿಗೆಯಾದ ಮೇಲೆ ಸೋಮವಾರ ತಂಡದವರಿಗೆ ಹೇಳಿದರು. ಕೆಲಸ ಕಳೆದುಕೊಳ್ಳುವ ಇಬ್ಬರಿಗೆ ಅದಕ್ಕೂ ಮೊದಲು ಬೇರೆಯಾಗಿ, ಎದುರು ಕೂತು. ಮಂಗಳವಾರ 61 ಕ್ಲಿನಿಕ್‌ಗಳಿಗೆ ಮೇಲ್ ಹೋಯಿತು, ನಂತರದ ಮೂರು ದಿನ ಎಲ್ಲರಿಗೂ ಫೋನ್. ಲಿಂಕ್ಡ್‌ಇನ್ ಪೋಸ್ಟ್ ಹಾಕಿದ್ದು ಮುಂದಿನ ವಾರ. ಈ ಒಂದು ವಾರದ ಅಂತರವನ್ನು ಬಿಟ್ಟುಕೊಡಬಾರದು. ಮೇಲ್ ತೆರೆಯದ ವೈದ್ಯರು ಇದ್ದೇ ಇರುತ್ತಾರೆ, ಅವರು ಪೋಸ್ಟಿನ ಕೆಳಗೆ ಬಂದು "ನಮಗೆ ಯಾರೂ ತಿಳಿಸಲಿಲ್ಲ" ಎಂದರೆ ಮೇಲಿನ ಯಾವ ಪಾಠವನ್ನೂ ಯಾರೂ ಓದುವುದಿಲ್ಲ.

ಕರಡನ್ನು ವಕೀಲರು ಒಮ್ಮೆ ನೋಡಬೇಕು. ಮೆಸೇಜ್ ಕಂಪನಿಯೊಂದಿಗಿನ ಒಪ್ಪಂದದಲ್ಲಿ ದರ ಗೋಪ್ಯ ಎಂದಿದ್ದರೆ ದರ ಬರೆಯುವಂತಿಲ್ಲ. ಹಾಗಾಗಿಯೇ ಇಲ್ಲಿ ಚಂದಾವನ್ನು 100 ಎಂದಿಟ್ಟು ಬರೆದದ್ದು ಅನುಕೂಲವಾಯಿತು. ಬಿಟ್ಟುಹೋದ ಕ್ಲಿನಿಕ್‌ಗಳ ಹೆಸರು, ಉದ್ಯೋಗಿಗಳಿಗೆ ಕೊಟ್ಟ ಪರಿಹಾರದ ಮೊತ್ತ ಪೋಸ್ಟಿಗೆ ಬರಬಾರದು. ಕೆಲಸ ಕಳೆದುಕೊಂಡವರನ್ನು ಟ್ಯಾಗ್ ಮಾಡುವ ಮುನ್ನ ಅವರನ್ನೇ ಕೇಳಬೇಕು. ಕೆಲವರು ತಮ್ಮ ಸುದ್ದಿ ತಾವೇ ಹೇಳಬೇಕೆಂದುಕೊಂಡಿರುತ್ತಾರೆ.

ಲಿಂಕ್ಡ್‌ಇನ್ ಪೋಸ್ಟಿಗೆ 3,000 ಅಕ್ಷರಚಿಹ್ನೆಗಳ ಮಿತಿ ಇದೆ. ಮೊದಲ ಎರಡು ಮೂರು ಸಾಲು ಮಾತ್ರ ಕಾಣಿಸಿ ಉಳಿದದ್ದು ಮಡಚಿಕೊಂಡಿರುತ್ತದೆ, ಓದುಗ ಒತ್ತಿದರೆ ಮಾತ್ರ ತೆರೆಯುತ್ತದೆ. ಆದ್ದರಿಂದ ಏನು ನಿಂತಿತು, ಏನು ಮುಂದುವರಿಯುತ್ತದೆ ಎಂಬ ಎರಡೂ ಮೊದಲ ಸಾಲುಗಳಲ್ಲೇ ಬರಬೇಕು. ಇಲ್ಲವಾದರೆ ಬಿಲ್ಲಿಂಗ್ ಸಾಫ್ಟ್‌ವೇರ್ ಬಳಸುವ ನೂರಾರು ಕ್ಲಿನಿಕ್‌ಗಳು ಕಂಪನಿಯೇ ಮುಚ್ಚಿತೆಂದು ತಿಳಿಯುತ್ತವೆ. ಕುತೂಹಲ ಹುಟ್ಟಿಸಲೆಂದು ಮೊದಲ ಸಾಲನ್ನು ಅರ್ಧಕ್ಕೆ ಬಿಡುವ ರೂಢಿ ಇಂಥ ಪೋಸ್ಟಿಗೆ ಸಲ್ಲದು.

ಕೊನೆಯ ಪೋಸ್ಟ್

"ಅಪಾಯಿಂಟ್‌ಮೆಂಟ್ ನೆನಪಿಸುವ ನಮ್ಮ ಸೇವೆಯನ್ನು ನಿಲ್ಲಿಸುತ್ತಿದ್ದೇವೆ. ಬಿಲ್ಲಿಂಗ್ ಸಾಫ್ಟ್‌ವೇರ್ ಎಂದಿನಂತೆ ಮುಂದುವರಿಯುತ್ತದೆ.

26 ತಿಂಗಳಲ್ಲಿ 410 ಕ್ಲಿನಿಕ್‌ಗಳು ಪ್ರಯತ್ನಿಸಿ ನೋಡಿದವು, 148 ಹಣ ಕೊಟ್ಟವು, ಈಗ 61 ಉಳಿದಿವೆ. ಚಂದಾ 100 ಎಂದುಕೊಂಡರೆ ಒಬ್ಬ ಗ್ರಾಹಕರನ್ನು ತರಲು 1,120 ಖರ್ಚಾಗುತ್ತಿತ್ತು, ಅವರು ಇರುವಷ್ಟು ಕಾಲ ನಮಗೆ ಉಳಿಯುತ್ತಿದ್ದದ್ದು 980.

ನಾನು ಮಾಡಿದ ದೊಡ್ಡ ತಪ್ಪು 15ನೇ ತಿಂಗಳಿನದು. ತಿಂಗಳಿಗೆ 3.3 ಪ್ರತಿಶತ ಗ್ರಾಹಕರು ಮಾತ್ರ ಬಿಡುತ್ತಿದ್ದಾರೆಂದು ನಂಬಿ ಸೇಲ್ಸ್ ತಂಡಕ್ಕೆ ಇಬ್ಬರನ್ನು ಸೇರಿಸಿದೆ. ಆ ಲೆಕ್ಕದಲ್ಲಿ ವಾರ್ಷಿಕ ಹಣ ಕಟ್ಟಿದ 50 ಕ್ಲಿನಿಕ್‌ಗಳನ್ನೂ ಸೇರಿಸಿದ್ದೆವು. ಅವರು ಆಗ ಬಿಡುವಂತೆಯೇ ಇರಲಿಲ್ಲ. ಬಿಡಬಹುದಾಗಿದ್ದ 40ರಲ್ಲಿ 3 ಬಿಟ್ಟಿದ್ದವು, ಅಂದರೆ 7.5 ಪ್ರತಿಶತ. ನವೀಕರಣ ಬಂದಾಗ 50ರಲ್ಲಿ 22 ಮಾತ್ರ ಉಳಿದವು. ತಿಂಗಳಿಗೆ ಸುಮಾರು 7 ಪ್ರತಿಶತ ಬಿಡುತ್ತಾರೆ ಎಂಬುದು 9ನೇ ತಿಂಗಳ ದಾಖಲೆಯಲ್ಲೇ ಇತ್ತು.

ಕ್ಲಿನಿಕ್‌ಗಳು ಬಿಟ್ಟದ್ದಕ್ಕೆ ಮುಖ್ಯ ಕಾರಣ ಅಪಾಯಿಂಟ್‌ಮೆಂಟನ್ನು ಎರಡು ಸಲ ಬರೆಯಬೇಕಾಗಿದ್ದದ್ದು ಎಂದು ನನಗೆ ಅನಿಸುತ್ತದೆ. ನಮ್ಮ ಬಿಲ್ಲಿಂಗ್ ಬಳಸುತ್ತಿದ್ದ 52ರಲ್ಲಿ 44 ಉಳಿದವು, ಉಳಿದ 96ರಲ್ಲಿ 17. ಮೊದಲ ಗುಂಪು ನಮ್ಮ ಹಳೆಯ ಗ್ರಾಹಕರಾದ್ದರಿಂದ ಇದು ಪೂರ್ತಿ ಸಾಬೀತಾದ ಮಾತಲ್ಲ. ಮೆಸೇಜ್ ದರ ಏರಿದ್ದು ನಷ್ಟ ಹೆಚ್ಚಿಸಿತು. ಏರದಿದ್ದರೂ ನಷ್ಟವೇ ಇತ್ತು.

ಆ 44 ಕ್ಲಿನಿಕ್‌ಗಳಿಗೆ ನೆನಪಿಸುವ ಸೌಲಭ್ಯ ಬಿಲ್ಲಿಂಗ್ ಸಾಫ್ಟ್‌ವೇರ್ ಒಳಗೇ ಸಿಗುತ್ತದೆ. 17 ಕ್ಲಿನಿಕ್‌ಗಳಿಗೆ ಅವರ ಮಾಹಿತಿಯನ್ನು ಸಿಎಸ್‌ವಿ ಫೈಲ್ ಆಗಿ ಕೊಡುತ್ತಿದ್ದೇವೆ. ಕಳೆದ ಮಂಗಳವಾರದ ಮೇಲ್‌ನಿಂದ 90 ದಿನ ಸೇವೆ ಇರುತ್ತದೆ, ಆಮೇಲೆ 30 ದಿನಕ್ಕೆ ಮಾಹಿತಿ ಅಳಿಸುತ್ತೇವೆ. ಮುಂಗಡ ಕೊಟ್ಟವರಿಗೆ ಉಳಿದ ತಿಂಗಳ ಹಣ ವಾಪಸ್.

ಸೇಲ್ಸ್ ತಂಡದ ಇಬ್ಬರು ಕೆಲಸ ಕಳೆದುಕೊಂಡಿದ್ದಾರೆ. ಅವರಿಗೆ ಕೊಟ್ಟ ಗುರಿ ತಪ್ಪಾಗಿತ್ತು, ಅವರ ಕೆಲಸದಲ್ಲಿ ತಪ್ಪಿರಲಿಲ್ಲ. ನೇಮಕ ಮಾಡಿಕೊಳ್ಳುವವರು ನನಗೆ ಬರೆದರೆ ನೇರವಾಗಿ ಮಾತನಾಡುತ್ತೇನೆ."

ಮಿತಿಯೊಳಗೆ ಕೂರುವ ಈ ಪೋಸ್ಟಿನಲ್ಲಿ ಪಾಠಗಳ ಪಟ್ಟಿಯೇ ಇಲ್ಲ ಎಂಬುದನ್ನು ಗಮನಿಸಬೇಕು. ಇಬ್ಬರ ಬಗ್ಗೆ ಬರೆದ ಸಾಲು ಸೌಜನ್ಯಕ್ಕೆ ಸೇರಿಸಿದ್ದೂ ಅಲ್ಲ. ಸೇಲ್ಸ್ ವಿಫಲವಾಗಿ ಉತ್ಪನ್ನ ನಿಂತಿತೆಂದು ಓದುಗರು ತಾವೇ ಊಹಿಸಿಕೊಂಡರೆ ಮುಂದಿನ ಕೆಲಸ ಹುಡುಕುವಾಗ ಹೊಡೆತ ಬೀಳುವುದು ಅವರಿಗೆ.

ಕಮೆಂಟ್‌ಗಳಲ್ಲಿ ಬಂದ ಎರಡು ಪ್ರಶ್ನೆ

ಇಂಥ ಪೋಸ್ಟಿಗೆ ಹೆಚ್ಚಾಗಿ ಬರುವುದು ಸಮಾಧಾನದ ಮಾತುಗಳು. ಅವುಗಳಿಗೆ ಒಂದೊಂದಾಗಿ ಉತ್ತರಿಸುತ್ತ ಕೂರಬೇಕಾಗಿಲ್ಲ. ಉತ್ತರಿಸಲೇಬೇಕಾದ ಪ್ರಶ್ನೆ ಒಬ್ಬ ವೈದ್ಯರದು: "ಹೋದ ತಿಂಗಳಷ್ಟೇ ನನ್ನಿಂದ ವರ್ಷದ ಹಣ ತೆಗೆದುಕೊಂಡಿರಲ್ಲ, ಆಗ ನಿಮಗೆ ಗೊತ್ತಿರಲಿಲ್ಲವೇ?" ನಿಲ್ಲಿಸುವ ತೀರ್ಮಾನವಾದದ್ದು 25ನೇ ತಿಂಗಳಲ್ಲಿ, ನವೀಕರಣಗಳು ಬಂದದ್ದು 23ರಿಂದ 25ರ ನಡುವೆ. ಇದನ್ನು ಖಾಸಗಿ ಸಂದೇಶಕ್ಕೆ ಎಳೆದುಕೊಂಡು ಹೋದರೆ ಉಳಿದ ಗ್ರಾಹಕರಿಗೆ ಅನುಮಾನ ಉಳಿಯುತ್ತದೆ. ಫೌಂಡರ್ ಅಲ್ಲೇ ಬರೆದರು: "ಡಾಕ್ಟರೇ, ನಿಮ್ಮ ಹಣ ಬಂದಾಗ ನಿಲ್ಲಿಸುವ ಮಾತುಕತೆ ನಡೆಯುತ್ತಿತ್ತು. ಆಗಲೇ ನವೀಕರಣ ತೆಗೆದುಕೊಳ್ಳುವುದನ್ನು ತಡೆಯಬೇಕಿತ್ತು, ನಾನು ತಡೆಯಲಿಲ್ಲ. 25ನೇ ತಿಂಗಳಲ್ಲಿ ಹಣ ಕೊಟ್ಟ ಎಲ್ಲರಿಗೂ ಪೂರ್ತಿ ಹಣ ವಾಪಸ್ ಬರುತ್ತದೆ, ಈ ಮೂರು ತಿಂಗಳ ಸೇವೆಗೂ ನೀವು ಏನೂ ಕೊಡಬೇಕಾಗಿಲ್ಲ." ಅದಕ್ಕೂ ಮೊದಲು ಕೊಟ್ಟವರಿಗೆ ಉಳಿದ ತಿಂಗಳುಗಳ ಲೆಕ್ಕ: 24ನೇ ತಿಂಗಳ ಕೊನೆಯಲ್ಲಿ ನವೀಕರಿಸಿದವರಿಗೆ 29ನೇ ತಿಂಗಳ ಕೊನೆಗೆ ಸೇವೆ ನಿಂತರೆ ಐದು ತಿಂಗಳು ಬಳಸಿದಂತಾಯಿತು, ವಾಪಸ್ ಬರಬೇಕಾದದ್ದು ಹನ್ನೆರಡರಲ್ಲಿ ಏಳು ಪಾಲು.

ಎರಡನೆಯದು ಇನ್ನೊಬ್ಬ ಫೌಂಡರ್ ಕೇಳಿದ್ದು: ಬೆಲೆ ಏರಿಸಬಹುದಿತ್ತಲ್ಲ? ಲೆಕ್ಕ ಹಾಕಿದರೆ ಪ್ರಶ್ನೆ ಗಟ್ಟಿಯಾದದ್ದೇ. ಚಂದಾ 100ರಿಂದ 120ಕ್ಕೆ ಹೋದರೆ ಉಳಿಯುವುದು 90, 14 ತಿಂಗಳಿಗೆ 1,260. ಪ್ರತಿ ಗ್ರಾಹಕನಿಂದ 140 ಲಾಭ. ಆದರೆ ಅದಕ್ಕೆ ಬಿಡುವವರ ವೇಗ ಹಾಗೇ ಇರಬೇಕು. 1,120ನ್ನು 90ರಿಂದ ಭಾಗಿಸಿದರೆ 12.4 ತಿಂಗಳು, ಅಂದರೆ ತಿಂಗಳಿಗೆ ಬಿಡುವವರು 7ರಿಂದ 8 ಪ್ರತಿಶತಕ್ಕೆ ಏರಿದರೆ ಸಾಕು, ಲಾಭ ಪೂರ್ತಿ ಕರಗುತ್ತದೆ. ಬೆಲೆ ಏರಿಸಿದರೆ ಅದು 8ರ ಒಳಗೆ ಉಳಿಯುತ್ತಿತ್ತೋ ಇಲ್ಲವೋ ಹೇಳಲು ಆಧಾರವಿಲ್ಲ, ಏಕೆಂದರೆ ಬೆಲೆ ಏರಿಸಿ ನೋಡಿಯೇ ಇರಲಿಲ್ಲ. ಫೌಂಡರ್ ಈ ಲೆಕ್ಕವನ್ನೂ, ಅದನ್ನು ಪ್ರಯತ್ನಿಸಲಿಲ್ಲ ಎಂಬುದನ್ನೂ ಕಮೆಂಟ್‌ನಲ್ಲೇ ಬರೆದರು. ಪೋಸ್ಟಿನ ಪಠ್ಯ ಮುಟ್ಟಲಿಲ್ಲ. ಪೋಸ್ಟ್ ತಿದ್ದಿದರೆ ತಿದ್ದಲಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ, ಏನು ಬದಲಾಯಿತೆಂದು ಓದುಗನಿಗೆ ಕಾಣುವುದಿಲ್ಲ. ಆದ್ದರಿಂದ ಮುಂದೆ ಯಾವುದಾದರೂ ಅಂಕಿ ತಪ್ಪೆಂದು ಗೊತ್ತಾದರೆ ಹಳೆಯ ಅಂಕಿ, ಹೊಸ ಅಂಕಿ ಎರಡನ್ನೂ ಪೋಸ್ಟಿನ ಕೊನೆಯಲ್ಲಿ ದಿನಾಂಕದೊಂದಿಗೆ ಬರೆಯಬೇಕು.